ಆನ್ ಮಾಡಿದ ಕೂಡಲೇ ಲೆನ್ಸ್ ಎರರ್: ಮೊದಲು ಕಿವಿ ಕೊಡಿ, ಆಮೇಲೆ ಕೈ ಹಾಕಿ

ಓದುಗರು ಪದೇಪದೇ ಕೇಳುವ ಪ್ರಶ್ನೆ ಇದು. ಬಹಳ ದಿನದಿಂದ ಬೀರುವಿನಲ್ಲಿದ್ದ ಡಿಜಿಟಲ್ ಕ್ಯಾಮೆರಾ ತೆಗೆದು ಆನ್ ಮಾಡಿದೆ. ಲೆನ್ಸ್ ಅರ್ಧ ಹೊರಗೆ ಬಂತು, ಒಳಗೆ ಟಕಟಕ ಅಂತು, ಪರದೆ ಮೇಲೆ Lens error, restart camera ಅಂತ ತೋರಿಸಿ ಆಫ್ ಆಯಿತು. ಈಗ ಲೆನ್ಸ್ ಒಳಗೂ ಹೋಗುತ್ತಿಲ್ಲ, ಹೊರಗೂ ಬರುತ್ತಿಲ್ಲ. ಏನು ಮಾಡಲಿ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಹಾಕಿದ್ದೇನೆ.

ನಾನು ಹೇಳುತ್ತಿರುವುದು ಕಾಂಪ್ಯಾಕ್ಟ್ ಕ್ಯಾಮೆರಾಗಳ ವಿಷಯ. ಅಂದರೆ ಲೆನ್ಸ್ ಕ್ಯಾಮೆರಾದ ಮೈಗೇ ಸೇರಿಕೊಂಡಿದ್ದು, ಆನ್ ಮಾಡಿದರೆ ತಾನಾಗಿ ಹೊರಗೆ ಬಂದು, ಆಫ್ ಮಾಡಿದರೆ ತಾನಾಗಿ ಒಳಗೆ ಹೋಗುವಂಥವು. ಲೆನ್ಸ್ ಕಳಚಿ ಬದಲಾಯಿಸುವ ದೊಡ್ಡ ಕ್ಯಾಮೆರಾಗಳ ಕಥೆ ಬೇರೆ. ಅವುಗಳಲ್ಲಿ ಇಂಥ ಸಂದೇಶ ಬಂದರೆ ಮೊದಲು ಲೆನ್ಸಿನ ಹಿಂಭಾಗದಲ್ಲಿ ಸಾಲಾಗಿರುವ ಚಿನ್ನದ ಬಣ್ಣದ ಸಂಪರ್ಕ ಬಿಂದುಗಳನ್ನು ಒಣ ಮೆತ್ತನೆ ಬಟ್ಟೆಯಿಂದ ಒರೆಸಿ ನೋಡಬೇಕು. ಆ ವಿಷಯ ಇಲ್ಲಿಗೇ ಬಿಡೋಣ.

ಇನ್ನೊಂದು ಮಾತು. ಸಂದೇಶದ ಅಕ್ಷರಗಳು ಎಲ್ಲ ಕ್ಯಾಮೆರಾದಲ್ಲೂ ಒಂದೇ ಥರ ಇರುವುದಿಲ್ಲ. ಕೆಲವು Lens error ಅನ್ನುತ್ತವೆ, ಕೆಲವು System error (zoom) ಅನ್ನುತ್ತವೆ, ಕ್ಯಾನನ್‌ನ ಹಳೆಯ ಮಾದರಿಗಳು ಬರೀ E18 ಅಂತ ತೋರಿಸಿ ಸುಮ್ಮನಾಗುತ್ತವೆ. ಎಲ್ಲದರ ತಾತ್ಪರ್ಯ ಒಂದೇ. ಆ ತಾತ್ಪರ್ಯ ಏನು ಅನ್ನುವುದನ್ನು ಮೊದಲು ತಿಳಿದುಕೊಂಡರೆ ಮುಂದಿನ ಕೆಲಸ ಅರ್ಧ ಮುಗಿದ ಹಾಗೆ.

ಆ ಎರಡು ಸೆಕೆಂಡಿನಲ್ಲಿ ಒಳಗೆ ಏನಾಗುತ್ತದೆ

ಹಳೆಯ ರೇಡಿಯೊದ ಏರಿಯಲ್ ನೆನಪು ಮಾಡಿಕೊಳ್ಳಿ. ಒಂದರೊಳಗೆ ಒಂದು ಕೊಳವೆ, ಎಳೆದರೆ ಉದ್ದ, ಒತ್ತಿದರೆ ಗಿಡ್ಡ. ಕಾಂಪ್ಯಾಕ್ಟ್ ಕ್ಯಾಮೆರಾದ ಲೆನ್ಸೂ ಹಾಗೆಯೇ, ಎರಡು ಅಥವಾ ಮೂರು ಕೊಳವೆಗಳು ಒಂದರೊಳಗೊಂದು ಕೂತಿರುತ್ತವೆ. ಆದರೆ ಇವನ್ನು ಯಾರೂ ಎಳೆಯುವುದಿಲ್ಲ. ಒಂದು ಕೊಳವೆಯ ಒಳಗೋಡೆಯಲ್ಲಿ ಸುರುಳಿಯಾಕಾರದ ತೋಡುಗಳಿರುತ್ತವೆ, ಇನ್ನೊಂದರ ಮೈಮೇಲೆ ಚಿಕ್ಕ ಗೂಟಗಳಿರುತ್ತವೆ. ಹೊರಗಿನದು ತಿರುಗಿದಾಗ ಗೂಟಗಳು ತೋಡಿನ ದಾರಿ ಹಿಡಿದು ಜಾರುತ್ತವೆ, ಒಳಗಿನದು ಮುಂದಕ್ಕೆ ಬರುತ್ತದೆ. ತಿರುಗಿಸುವ ಮೋಟಾರು ಕಿರುಬೆರಳ ತುದಿಗಿಂತ ಚಿಕ್ಕದು. ಅದರ ಕಸುವು ಸಾಲದೆಂದೇ ಮಧ್ಯೆ ಸಣ್ಣ ಗೇರುಗಳ ಸಾಲು ಇಟ್ಟಿರುತ್ತಾರೆ. ಗೇರುಗಳು ಹೆಚ್ಚಾಗಿ ಪ್ಲಾಸ್ಟಿಕ್ಕಿನವು.

ಇನ್ನು ಕ್ಯಾಮೆರಾಗೆ ತನ್ನ ಲೆನ್ಸ್ ಎಲ್ಲಿದೆ ಅಂತ ಗೊತ್ತಾಗುವುದು ಹೇಗೆ? ಒಳಗೆ ‘ಯು’ ಆಕಾರದ ಒಂದು ಬಿಡಿಭಾಗ ಇರುತ್ತದೆ. ಅದರ ಒಂದು ತೋಳಿನಲ್ಲಿ ಕಣ್ಣಿಗೆ ಕಾಣದ ಬೆಳಕಿನ ಬಿಂದು, ಎದುರು ತೋಳಿನಲ್ಲಿ ಅದನ್ನು ಗ್ರಹಿಸುವ ಕಣ್ಣು. ಇದಕ್ಕೆ ಫೋಟೋ ಇಂಟರಪ್ಟರ್ ಅನ್ನುತ್ತಾರೆ. ಲೆನ್ಸಿನ ಜೊತೆ ಚಲಿಸುವ ಒಂದು ತೆಳು ನಾಲಿಗೆ ಈ ಎರಡರ ನಡುವೆ ಬಂದಾಗ ಬೆಳಕು ಕಟ್ಟಾಗುತ್ತದೆ. ಆಗ ಕ್ಯಾಮೆರಾ ‘ಸರಿ, ಮೊದಲ ಗುರುತು ಸಿಕ್ಕಿತು’ ಅಂದುಕೊಂಡು ಅಲ್ಲಿಂದ ಲೆಕ್ಕ ಶುರು ಮಾಡುತ್ತದೆ. ಫೋಕಸ್ ಮಾಡುವ ಒಳಗಾಜಿಗೂ ಇಂಥದೇ ಇನ್ನೊಂದು ಗುರುತು ಇರುತ್ತದೆ.

ಮೋಟಾರಿಗೆ ಕರೆಂಟು ಕೊಟ್ಟ ಮೇಲೆ ಇಷ್ಟು ಹೊತ್ತಿನೊಳಗೆ ಗುರುತು ಸಿಗಲೇಬೇಕು ಅಂತ ಕ್ಯಾಮೆರಾದಲ್ಲಿ ಬರೆದಿಟ್ಟಿರುತ್ತಾರೆ. ಸಿಗದಿದ್ದರೆ ಮೋಟಾರು ಸುಟ್ಟುಹೋಗದಿರಲಿ ಅಂತ ಕರೆಂಟು ಕಡಿದು ಎರರ್ ತೋರಿಸುತ್ತದೆ. ಅಂದರೆ ಆ ಸಂದೇಶದ ಅರ್ಥ ‘ಲೆನ್ಸ್ ಕೆಟ್ಟಿದೆ’ ಅಂತಲ್ಲ. ‘ತಿರುಗಿಸಿದೆ, ಆದರೆ ಹೋಗಬೇಕಾದ ಜಾಗಕ್ಕೆ ಹೋದಂತೆ ಕಾಣಲಿಲ್ಲ’ ಅಂತ ಅಷ್ಟೇ. ಯಾಕೆ ಹೋಗಲಿಲ್ಲ ಅನ್ನುವುದು ಕ್ಯಾಮೆರಾಗೂ ಗೊತ್ತಿಲ್ಲ. ಬ್ಯಾಟರಿಯಲ್ಲಿ ಕಸುವಿರಲಿಲ್ಲವೋ, ಕೊಳವೆಗಳ ನಡುವೆ ಮರಳಿನ ಹರಳು ಸಿಕ್ಕಿತೋ, ಗೂಟ ತೋಡಿನಿಂದ ಹೊರಬಿತ್ತೋ, ಗೇರಿನ ಹಲ್ಲು ಮುರಿಯಿತೋ, ಪರದೆಯ ಮೇಲೆ ಬರುವುದು ಒಂದೇ ವಾಕ್ಯ. ಇದನ್ನು ಬಿಡಿಸಿ ಹೇಳುವುದು ಆ ಎರಡು ಸೆಕೆಂಡಿನ ಸದ್ದು ಮಾತ್ರ.

ಬೇಕಾದ ಸಾಮಾನು

ಪೂರ್ತಿ ಚಾರ್ಜ್ ಆದ ಬ್ಯಾಟರಿ, ಕೈಯಲ್ಲಿ ಒತ್ತಿ ಗಾಳಿ ಊದುವ ರಬ್ಬರ್ ಬ್ಲೋವರ್, ಮೆತ್ತನೆಯ ಸಣ್ಣ ಬ್ರಷ್, ಒಂದು ಬಿಳಿ ಹಾಳೆ, ಪೆನ್ಸಿಲ್ ಅಳಿಸುವ ರಬ್ಬರ್, ಟಾರ್ಚ್. ಸ್ಕ್ರೂಡ್ರೈವರ್ ಬೇಡ. ಮೇಜಿನ ಮೇಲೆ ಅದು ಇದ್ದರೆ ಕೈ ಅಲ್ಲಿಗೇ ಹೋಗುತ್ತದೆ, ಹಾಗಾಗಿ ಎತ್ತಿಟ್ಟುಬಿಡಿ.

ಹಂತ 1: ಆನ್ ಮಾಡುವುದನ್ನು ನಿಲ್ಲಿಸಿ, ಒಳಗಿನ ಫೋಟೋಗಳನ್ನು ಇಳಿಸಿಕೊಳ್ಳಿ

ಎರರ್ ಬಂದಾಗ ಎಲ್ಲರೂ ಮಾಡುವ ಮೊದಲ ತಪ್ಪು ಇದೇ, ಹತ್ತಿಪ್ಪತ್ತು ಸಲ ಆನ್ ಮಾಡಿ ಆಫ್ ಮಾಡುವುದು. ಒಳಗೆ ಹರಳು ಸಿಕ್ಕಿದ್ದರೆ ಪ್ರತಿ ಸಲವೂ ಮೋಟಾರು ಅದನ್ನು ಇನ್ನಷ್ಟು ಒಳಕ್ಕೆ ಅರೆಯುತ್ತದೆ. ಗೇರಿನ ಹಲ್ಲುಗಳ ಮೇಲೂ ಪ್ರತಿ ಸಲ ಪೂರ್ತಿ ಭಾರ ಬೀಳುತ್ತದೆ. ಒಂದು ಹರಳು ತೆಗೆದರೆ ಸರಿಹೋಗಬೇಕಿದ್ದ ಕ್ಯಾಮೆರಾ ಹಲ್ಲು ಸವೆದು ಮೂಲೆ ಸೇರುವುದು ಹೀಗೆ. ಒಟ್ಟು ಎಷ್ಟು ಸಲ ಆನ್ ಮಾಡುತ್ತೀರಿ ಅಂತ ಲೆಕ್ಕ ಇಟ್ಟುಕೊಳ್ಳಿ. ಪ್ರತಿ ಸಲಕ್ಕೂ ಒಂದು ಕಾರಣ ಇರಬೇಕು.

ಫೋಟೋಗಳ ಚಿಂತೆ ಬೇಡ. ಅವು ಇರುವುದು ಮೆಮೊರಿ ಕಾರ್ಡಿನಲ್ಲಿ, ಲೆನ್ಸಿಗೂ ಅದಕ್ಕೂ ಸಂಬಂಧವಿಲ್ಲ. ಕಾರ್ಡ್ ಹೊರತೆಗೆದು ಕಾರ್ಡ್ ರೀಡರಿಗೆ ಹಾಕಿ ಎಲ್ಲವನ್ನೂ ಇಳಿಸಿಕೊಳ್ಳಿ. ಕಾರ್ಡ್ ಇಲ್ಲದೆ ಕ್ಯಾಮೆರಾದ ಒಳಗೇ ಉಳಿದ ಫೋಟೋಗಳಿದ್ದರೆ ಪವರ್ ಬಟನ್ ಬದಲು ಫೋಟೋ ನೋಡುವ ಪ್ಲೇ ಬಟನ್ ಒತ್ತಿ ಹಿಡಿಯಿರಿ. ಬಹಳಷ್ಟು ಕಾಂಪ್ಯಾಕ್ಟ್‌ಗಳು ಹಾಗೆ ಮಾಡಿದರೆ ಲೆನ್ಸನ್ನು ಅಲುಗಾಡಿಸದೆ ಶುರುವಾಗುತ್ತವೆ.

ಈ ಪ್ಲೇ ಬಟನ್ನಿನಿಂದ ಇನ್ನೊಂದು ಲಾಭ ಇದೆ. ಪ್ಲೇನಲ್ಲಿ ಎಲ್ಲವೂ ಸರಿಯಾಗಿ ನಡೆದು, ಲೆನ್ಸ್ ಹೊರಬರುವಾಗ ಮಾತ್ರ ಎರರ್ ಬಂದರೆ ಕ್ಯಾಮೆರಾದ ಮುಖ್ಯ ಬೋರ್ಡ್ ಚೆನ್ನಾಗಿದೆ ಅಂತ ಅರ್ಥ. ತೊಂದರೆ ಲೆನ್ಸಿನ ಕಡೆಗೋ ಬ್ಯಾಟರಿಯ ಕಡೆಗೋ ಇದೆ.

ಕ್ಯಾಮೆರಾ ನೀರಿಗೆ ಬಿದ್ದು ಈ ಎರರ್ ಬಂದಿದ್ದರೆ ಇಲ್ಲಿಗೇ ನಿಲ್ಲಿಸಿ. ಬ್ಯಾಟರಿ ತೆಗೆದು ಹಾಗೆಯೇ ರಿಪೇರಿಯವರ ಹತ್ತಿರ ಕೊಂಡೊಯ್ಯಿರಿ. ಉಪ್ಪುನೀರಾದರೆ ಅಂದೇ ಹೊರಡಿ. ಮುಂದಿನ ಹಂತಗಳು ಒದ್ದೆ ಕ್ಯಾಮೆರಾಗೆ ಅಲ್ಲ.

ಹಂತ 2: ಬ್ಯಾಟರಿಯನ್ನು ನಂಬಬೇಡಿ

‘ಬ್ಯಾಟರಿ ಫುಲ್ ತೋರಿಸುತ್ತಿದೆ’ ಅಂತ ಎಲ್ಲರೂ ಬರೆಯುತ್ತಾರೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಪರದೆ ಉರಿಸುವುದಕ್ಕೆ ಹೆಚ್ಚು ಕರೆಂಟು ಬೇಡ. ನಿಂತ ಮೋಟಾರು ತಿರುಗಲು ಶುರುವಾಗುವ ಆ ಒಂದು ಕ್ಷಣದಲ್ಲಿ ಬೇಕಾಗುವುದು ಅದಕ್ಕಿಂತ ಬಹಳ ಹೆಚ್ಚು. ವಯಸ್ಸಾದ ಬ್ಯಾಟರಿ ಸುಮ್ಮನೆ ಕೂತಾಗ ಸರಿಯಾದ ವೋಲ್ಟೇಜನ್ನೇ ತೋರಿಸುತ್ತದೆ. ಒಮ್ಮೆಲೇ ಕರೆಂಟು ಕೇಳಿದರೆ ವೋಲ್ಟೇಜು ಕುಸಿಯುತ್ತದೆ. ಮೋಟಾರು ಅರ್ಧದಾರಿಯಲ್ಲಿ ಸುಸ್ತಾಗುತ್ತದೆ, ಗುರುತು ಸಿಗುವುದಿಲ್ಲ, ಎರರ್ ಬರುತ್ತದೆ. ಪತ್ತೆಹಚ್ಚುವುದು ಸುಲಭ. ಲೆನ್ಸ್ ಹೊರಡುವ ಕ್ಷಣಕ್ಕೆ ಪರದೆ ಮಂಕಾಗುತ್ತದೆ ಅಥವಾ ಕಣ್ಣು ಮುಚ್ಚಿ ತೆರೆದಂತೆ ಹೊಳೆಯುತ್ತದೆ. ಲೆನ್ಸ್ ಚಲಿಸುವ ವೇಗವೂ ಎಳೆದೆಳೆದು ಇರುತ್ತದೆ.

ಮಾಡಬೇಕಾದದ್ದು ಇಷ್ಟು. ಲಿಥಿಯಂ ಬ್ಯಾಟರಿಯಾದರೆ ಚಾರ್ಜರಿನ ದೀಪ ‘ಆಯಿತು’ ಅನ್ನುವವರೆಗೂ ಚಾರ್ಜ್ ಮಾಡಿ. ಅದೇ ಮಾದರಿಯ ಇನ್ನೊಂದು ಬ್ಯಾಟರಿ ಯಾರ ಬಳಿಯಾದರೂ ಸಿಕ್ಕರೆ ಅದನ್ನೇ ಹಾಕಿ ನೋಡಿ. ಅನುಮಾನ ಪರಿಹಾರಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬ್ಯಾಟರಿಯನ್ನು ಮೇಜಿನ ಮೇಲೆ ಮಲಗಿಸಿ ಬೆರಳಿಂದ ಮುಟ್ಟಿ. ಅದು ತೂಗಾಡಿದರೆ ಹೊಟ್ಟೆ ಉಬ್ಬಿದೆ ಅಂತ ಅರ್ಥ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜಿಗೂ ಹಾಕಬೇಡಿ.

ಪೆನ್ಸಿಲ್ ಸೆಲ್ ಹಾಕುವ ಕ್ಯಾಮೆರಾಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಗೋಡೆ ಗಡಿಯಾರ ಓಡಿಸುವ ಸೆಲ್ಲು ಕ್ಯಾಮೆರಾ ಮೋಟಾರು ಓಡಿಸಬೇಕೆಂದೇನೂ ಇಲ್ಲ. ಮಾಮೂಲಿ ಆಲ್ಕಲೈನ್ ಸೆಲ್ಲಿನ ಮೇಲೆ 1.5 ವೋಲ್ಟ್ ಅಂತ ಬರೆದಿರುತ್ತದೆ, ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲಿನ ಮೇಲೆ 1.2 ಅಂತ. ಕಾಗದದ ಮೇಲೆ ಮೊದಲನೆಯದೇ ದೊಡ್ಡದು. ಭಾರ ಬಿದ್ದಾಗ ಮಾತ್ರ ಮೊದಲನೆಯದು ಬೇಗ ಕುಸಿಯುತ್ತದೆ, ಎರಡನೆಯದು ಹಿಡಿದು ನಿಲ್ಲುತ್ತದೆ. ಹಾಗಾಗಿ ಕ್ಯಾಮೆರಾಗೆ ರೀಚಾರ್ಜ್ ಸೆಲ್ಲೇ ವಾಸಿ. ಒಂದು ಹೊಸದು ಒಂದು ಹಳೆಯದು ಅಂತ ಬೆರೆಸಬೇಡಿ, ಹಳೆಯದು ಹೊಸದನ್ನೂ ಎಳೆದುಹಾಕುತ್ತದೆ.

ಬ್ಯಾಟರಿ ಗೂಡಿನೊಳಗಿನ ಲೋಹದ ತಗಡುಗಳನ್ನೂ ಟಾರ್ಚ್ ಹಿಡಿದು ನೋಡಿ. ಮಂಕಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಎರಡು ಸಲ ಮೆಲ್ಲಗೆ ಉಜ್ಜಿ, ಪುಡಿಯನ್ನು ಬ್ಲೋವರಿನಿಂದ ಊದಿ ಹೊರಗೆ ಹಾಕಿ. ಹಳೆಯ ಸೆಲ್ಲು ಸೋರಿ ಬಿಳಿಯ ಅಥವಾ ಹಸಿರು ಹಕ್ಕಳೆ ಕಟ್ಟಿದ್ದರೆ ಅದನ್ನು ಮೊದಲು ಒಣ ಬ್ರಷ್‌ನಿಂದ ಕೆರೆದು ತೆಗೆಯಿರಿ. ಆಮೇಲೆ ಒಂದೇ ಸಲ ಆನ್ ಮಾಡಿ. ಲೆನ್ಸ್ ಸರಾಗವಾಗಿ ಬಂದರೆ ನಿಮ್ಮ ಕೆಲಸ ಮುಗಿಯಿತು. ಬರಲಿಲ್ಲವಾದರೆ ಆ ಆನ್ ಮಾಡುವ ಹೊತ್ತನ್ನೇ ಮುಂದಿನ ಹಂತಕ್ಕೆ ಬಳಸಿಕೊಳ್ಳಿ.

ಹಂತ 3: ಸದ್ದು ಕೇಳಿ

ಫ್ಯಾನ್, ಟಿವಿ ಆರಿಸಿ. ಕ್ಯಾಮೆರಾವನ್ನು ಕಿವಿಗೆ ಒಂದು ಗೇಣು ದೂರ ಹಿಡಿದು ಆನ್ ಮಾಡಿ. ಸಾಧ್ಯವಾದರೆ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಆಗ ಮತ್ತೆ ಕೇಳಬೇಕೆಂದರೆ ಕ್ಯಾಮೆರಾವನ್ನು ಮತ್ತೆ ದುಡಿಸಬೇಕಿಲ್ಲ.

ಏನೂ ಸದ್ದಿಲ್ಲ, ನೇರ ಎರರ್ ಬಂತು ಅಂದರೆ ಮೋಟಾರಿಗೆ ಕರೆಂಟೇ ಹೋಗುತ್ತಿಲ್ಲ, ಇಲ್ಲವೇ ಅದು ಅಲುಗಾಡಲೂ ಆಗದಂತೆ ಬಿಗಿದಿದೆ. ಬ್ಯಾಟರಿ ಸರಿಯಿದ್ದೂ ಹೀಗಾದರೆ ಲೆನ್ಸಿಗೆ ಹೋಗುವ ತೆಳು ಪಟ್ಟಿಯಂಥ ಫ್ಲೆಕ್ಸ್ ಕೇಬಲ್ ಹರಿದಿರಬಹುದು, ಮೋಟಾರು ಸತ್ತಿರಬಹುದು. ಎರಡೂ ಮನೆಯ ಕೆಲಸ ಅಲ್ಲ.

ಲೆನ್ಸ್ ಸ್ವಲ್ಪ ಚಲಿಸಿ, ಪ್ರತಿ ಸಲವೂ ಅದೇ ಜಾಗದಲ್ಲಿ ‘ಟಕ್’ ಅಂತ ನಿಂತರೆ, ಅಥವಾ ಅಲ್ಲಿ ‘ಕರ್’ ಅಂತ ಕೆರೆದ ಸದ್ದು ಬಂದರೆ, ಕೊಳವೆಗಳ ನಡುವೆ ಏನೋ ಸಿಕ್ಕಿದೆ. ‘ಅದೇ ಜಾಗ’ ಅನ್ನುವುದು ಇಲ್ಲಿ ಮುಖ್ಯ. ಬ್ಯಾಟರಿ ಸೋತಾಗ ಲೆನ್ಸ್ ಒಂದು ಸಲ ಇಲ್ಲಿ, ಇನ್ನೊಂದು ಸಲ ಅಲ್ಲಿ ನಿಲ್ಲುತ್ತದೆ. ಹರಳು ಸಿಕ್ಕಾಗ ಹಟ ಹಿಡಿದ ಹಾಗೆ ಒಂದೇ ಕಡೆ ನಿಲ್ಲುತ್ತದೆ. ಮನೆಯಲ್ಲಿ ಸರಿಹೋಗುವ ಸಾಧ್ಯತೆ ಹೆಚ್ಚಿರುವುದು ಈ ಗುಂಪಿನಲ್ಲೇ.

ಮೋಟಾರು ‘ಝುಯ್’ ಅಂತ ಹಗುರವಾಗಿ ತಿರುಗುವ ಸದ್ದು ಬಂದು ಲೆನ್ಸ್ ಮಾತ್ರ ಕದಲದಿದ್ದರೆ ಗೇರು ಕಚ್ಚಿಕೊಳ್ಳುತ್ತಿಲ್ಲ. ಹಲ್ಲು ಮುರಿದಿದೆ ಅಥವಾ ಗೇರು ಜಾಗ ತಪ್ಪಿದೆ. ಊದಿ, ಉಜ್ಜಿ ಪ್ರಯೋಜನವಿಲ್ಲ.

ಲೆನ್ಸ್ ಪೂರ್ತಿ ಹೊರಗೆ ಬಂದು, ಒಂದು ಕ್ಷಣ ಯೋಚನೆ ಮಾಡಿದಂತೆ ನಿಂತು, ಒಳಗಿನಿಂದ ಸಣ್ಣಗೆ ‘ಟಿಕ್ ಟಿಕ್’ ಕೇಳಿಸಿ, ಆಮೇಲೆ ತಾನೇ ಒಳಗೆ ಹೋಗಿ ಎರರ್ ಬಂದರೆ ಅದು ಬೇರೆಯೇ ಕಾಯಿಲೆ. ಕೊಳವೆಗಳು ಚೆನ್ನಾಗಿವೆ, ಫೋಕಸ್ ಮಾಡುವ ಒಳಗಾಜು ತನ್ನ ಗುರುತು ಮುಟ್ಟುತ್ತಿಲ್ಲ. ಇದನ್ನು ಕೊಳವೆಯ ಕಸ ಅಂದುಕೊಂಡು ಗಂಟೆಗಟ್ಟಲೆ ಊದಿದವರಿದ್ದಾರೆ. ಹೊರಗಿನಿಂದ ಅಲ್ಲಿಗೆ ಕೈ ತಲುಪುವುದಿಲ್ಲ.

ಕೇಳಿದ ಮೇಲೆ ನೋಡಿ. ಲೆನ್ಸನ್ನು ಗಡಿಯಾರದ ಮುಖದಂತೆ ನಿಮ್ಮ ಕಡೆ ಹಿಡಿದು, ಕೊಳವೆಗಳ ನಡುವಿನ ಸಂದಿ ಸುತ್ತಲೂ ಒಂದೇ ಅಗಲ ಇದೆಯೇ ಅಂತ ಟಾರ್ಚ್ ಬೆಳಕಿನಲ್ಲಿ ಗಮನಿಸಿ. ಪಕ್ಕದಿಂದಲೂ ನೋಡಿ, ಕೊಳವೆ ನೆಟ್ಟಗಿದೆಯೇ, ಒಂದು ಕಡೆಗೆ ವಾಲಿದೆಯೇ ಅಂತ. ವಾಲಿದ್ದರೆ ಕ್ಯಾಮೆರಾ ಯಾವಾಗಲೋ ಬಿದ್ದಿದೆ ಅಥವಾ ಹೊರಗಿದ್ದ ಲೆನ್ಸಿಗೆ ಪೆಟ್ಟು ಬಿದ್ದಿದೆ. ಮನೆಯಲ್ಲಿ ಯಾರೂ ಒಪ್ಪಿಕೊಳ್ಳದಿದ್ದರೂ ಬಿದ್ದದ್ದು ನಿಜ. ಅಂಥದಕ್ಕೆ ನೇರ ಹಂತ 6.

ಲೆನ್ಸಿನ ಮುಂದೆ ತಾನಾಗಿ ತೆರೆದುಕೊಳ್ಳುವ ತೆಳು ಎಲೆಗಳ ಮುಚ್ಚಳ ಅರ್ಧಕ್ಕೇ ನಿಂತಿದ್ದರೆ ಅದನ್ನು ಇದರ ಜೊತೆ ಕಲಸಬೇಡಿ. ಸಾಮಾನ್ಯವಾಗಿ ಅದೊಂದೇ ಕಾರಣಕ್ಕೆ ಈ ಎರರ್ ಬರುವುದಿಲ್ಲ.

ಹಂತ 4: ಮುಖ ಕೆಳಗೆ ಮಾಡಿ ಊದಿ

ಬ್ಯಾಟರಿ ಹೊರಗೆ ತೆಗೆಯಿರಿ. ಕ್ಯಾಮೆರಾದ ಲೆನ್ಸ್ ನೆಲ ನೋಡುವಂತೆ ಹಿಡಿದು, ಕೆಳಗೆ ಬಿಳಿ ಹಾಳೆ ಹಾಸಿ. ಬ್ಲೋವರಿನ ಮೂತಿಯನ್ನು ಸಂದಿಗೆ ನೇರವಾಗಿ ಹಿಡಿಯಬೇಡಿ. ನೇರ ಹಿಡಿದರೆ ಕಸ ಒಳಗೇ ಓಡುತ್ತದೆ. ಓರೆಯಾಗಿ, ಕೊಳವೆಯ ಸುತ್ತ ಗಾಳಿ ಹರಿಯುವಂತೆ ಹಿಡಿದು ಊದಿ. ಹನ್ನೆರಡು ಗಂಟೆಯ ಜಾಗದಿಂದ ಶುರುಮಾಡಿ ಒಂದು ಸುತ್ತು ಬನ್ನಿ, ಪ್ರತಿ ಗಂಟೆಗೂ ನಾಲ್ಕೈದು ಸಲ. ಮಧ್ಯೆ ಮಧ್ಯೆ ಬ್ರಷ್‌ನಿಂದ ಸಂದಿಯ ಅಂಚನ್ನು ಹೊರಮುಖವಾಗಿ ಗುಡಿಸಿ. ಕ್ಯಾಮೆರಾದ ಬೆನ್ನನ್ನು ಬೆರಳ ತುದಿಯಿಂದ ಮೆಲ್ಲಗೆ ತಟ್ಟಿದರೆ ಸಡಿಲವಾದ ಕಣ ಕೆಳಗೆ ಬೀಳುತ್ತದೆ. ಬೆರಳ ತುದಿಯಿಂದ ಅಂದೆ. ಮೇಜಿಗೆ ಬಡಿಯಿರಿ ಅಂತ ಹೇಳುವವರಿದ್ದಾರೆ, ಹಾಗೆ ಬಡಿದು ಸರಿಹೋದದ್ದೂ ಉಂಟು. ಆದರೆ ನೆಟ್ಟಗಿದ್ದ ಕೊಳವೆ ಅದೇ ಬಡಿತಕ್ಕೆ ವಾಲಿದರೆ ಒಂದಿದ್ದ ತೊಂದರೆ ಎರಡಾಗುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿ ಬಳಸಬೇಡಿ. ಅದರ ರಭಸ ಹೆಚ್ಚು, ಡಬ್ಬಿ ಓರೆಯಾದರೆ ಗಾಳಿಯ ಜೊತೆ ತಣ್ಣನೆಯ ದ್ರವವೂ ಬಂದು ಗಾಜಿನ ಮೇಲೆ ಕೂರುತ್ತದೆ. ಎರಡನೆಯದು, ಎಣ್ಣೆ. ತುಕ್ಕು ಬಿಡಿಸುವ ಸ್ಪ್ರೇ, ಹೊಲಿಗೆ ಯಂತ್ರದ ಎಣ್ಣೆ, ಯಾವುದೂ ಬೇಡ. ‘ಬಿಗಿಯಾಗಿದೆ, ಎರಡು ಹನಿ ಬಿಟ್ಟರೆ ಸಡಿಲವಾಗುತ್ತದೆ’ ಅಂತ ಕೈ ತುರಿಸುವುದು ಸಹಜ. ಎಣ್ಣೆ ಹರಿದು ಶಟರ್ ಎಲೆಗಳ ಮೇಲೆ ಹೋದರೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಗಾಜಿನ ಮೇಲೆ ಪೊರೆ ಕಟ್ಟುತ್ತದೆ, ಹೊಸ ಧೂಳು ಅಲ್ಲೇ ಕೂತು ಅಂಟಾಗುತ್ತದೆ. ಎಣ್ಣೆ ಬಿದ್ದ ಲೆನ್ಸನ್ನು ರಿಪೇರಿಯವರೂ ಮುಟ್ಟಲು ಹಿಂಜರಿಯುತ್ತಾರೆ.

ಹಂತ 5: ಕಾಗದದ ಪಟ್ಟಿ

ಊದಿದರೆ ಬೀಳದ ಹರಳು ಎಲ್ಲಿದೆ ಅಂತ ಹುಡುಕಲು ಕಾಗದವೇ ಸಾಕು. ಮಾಮೂಲಿ ಪ್ರಿಂಟರ್ ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪ, ಸಂದಿಗೆ ಹೇಳಿ ಮಾಡಿಸಿದಂತಿರುತ್ತದೆ. 1 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಉದ್ದದ ಪಟ್ಟಿ ಕತ್ತರಿಸಿ. ಕತ್ತರಿಸಿದ ಅಂಚು ನುಣುಪಾಗಿರಲಿ, ಹರಿದ ಅಂಚಾದರೆ ನಾರು ಉದುರುತ್ತದೆ.

ಲೆನ್ಸ್ ಕೆಳಮುಖವಾಗಿಯೇ ಇರಲಿ. ಪಟ್ಟಿಯನ್ನು ಎರಡು ಕೊಳವೆಗಳ ನಡುವಿನ ಸಂದಿಗೆ 3 ಮಿಲಿಮೀಟರಿನಷ್ಟು ತೂರಿಸಿ ಸುತ್ತಲೂ ನಿಧಾನವಾಗಿ ಸರಿಸುತ್ತಾ ಬನ್ನಿ. ಹೆಚ್ಚು ಆಳಕ್ಕೆ ತಳ್ಳಬೇಡಿ, ಯಾಕೆಂದರೆ ಕೆಲವು ಲೆನ್ಸುಗಳಲ್ಲಿ ಬೆಳಕು ಮತ್ತು ಧೂಳು ಒಳಗೆ ಹೋಗದಂತೆ ತಡೆಯುವ ತೆಳು ಕಪ್ಪು ಬಳೆ ಸಂದಿಯೊಳಗೆ ಕೂತಿರುತ್ತದೆ. ಅದು ಜಾಗ ತಪ್ಪಿದರೆ ಅದೇ ಹೊಸ ಅಡ್ಡಿಯಾಗುತ್ತದೆ. ಪಟ್ಟಿ ಸರಾಗವಾಗಿ ಹೋಗುತ್ತಾ ಇದ್ದು ಒಂದು ಕಡೆ ತಡೆದರೆ, ಅಥವಾ ಬೆರಳಿಗೆ ‘ಕರಕ್’ ಅಂತ ಅನಿಸಿದರೆ, ಹರಳು ಅಲ್ಲಿದೆ. ಆ ಜಾಗವನ್ನು ಗಂಟೆಯ ಲೆಕ್ಕದಲ್ಲಿ ನೆನಪಿಟ್ಟುಕೊಂಡು ಪಟ್ಟಿಯನ್ನು ಅದರ ಎರಡೂ ಪಕ್ಕದಿಂದ ಹೊರಮುಖವಾಗಿ ಎಳೆಯಿರಿ. ಒಳಕ್ಕೆ ಚುಚ್ಚಬೇಡಿ. ಪ್ರತಿ ಎಳೆತದ ನಂತರ ಊದಿ. ಸೂಜಿ, ಬ್ಲೇಡು, ಹಲ್ಲುಕಡ್ಡಿ ಬೇಡ. ಕಾಗದ ಸೋತರೆ ಮಡಚಿಕೊಳ್ಳುತ್ತದೆ, ಸೂಜಿ ಸೋಲುವ ಬದಲು ಗೀರುತ್ತದೆ.

ಇದು ನಿಜಕ್ಕೂ ಹೇಗೆ ನಡೆಯುತ್ತದೆ ಅನ್ನಲು ನನ್ನ ಕೈಗೆ ಬಂದ ಒಂದು ಕ್ಯಾಮೆರಾದ ವಿಷಯ ಹೇಳುತ್ತೇನೆ. ಸಮುದ್ರದ ದಂಡೆಗೆ ಹೋಗಿಬಂದ ಮಾರನೆ ದಿನ ಕೆಟ್ಟದ್ದು. ತಂದವರು ಅಷ್ಟರಲ್ಲಾಗಲೇ ಸಾಕಷ್ಟು ಸಲ ಆನ್ ಮಾಡಿದ್ದರು. ಬ್ಯಾಟರಿ ಗುರುತು ಪೂರ್ತಿ ಇತ್ತು, ಆದರೂ ಚಾರ್ಜ್ ಮಾಡಿಯೇ ಹಾಕಿದೆ. ಆನ್ ಮಾಡಿದಾಗ ಮೊದಲ ಕೊಳವೆ ಸರಾಗವಾಗಿ ಬಂತು, ಎರಡನೆಯದು ಹೊರಡುವಷ್ಟರಲ್ಲಿ ಒಂದು ಕೆರೆತ, ಎರಡು ‘ಟಕ್’, ಎರರ್. ಪರದೆ ಮಂಕಾಗಲಿಲ್ಲ. ಇನ್ನೊಂದು ಸಲ ಆನ್ ಮಾಡಿದರೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅಲ್ಲೇ ನಿಂತಿತು. ಅಲ್ಲಿಗೆ ಬ್ಯಾಟರಿಯ ಅನುಮಾನ ಬಿಟ್ಟೆ.

ಕೆಳಮುಖ ಮಾಡಿ ಊದಿದಾಗ ಬಿಳಿ ಹಾಳೆಯ ಮೇಲೆ ಬಟ್ಟೆಯ ನಾರು ಮತ್ತು ನಯವಾದ ಧೂಳು ಬಿತ್ತು, ಮರಳು ಬೀಳಲಿಲ್ಲ. ಕಾಗದದ ಪಟ್ಟಿ ಹನ್ನೆರಡರಿಂದ ನಾಲ್ಕು ಗಂಟೆಯವರೆಗೆ ಜಾರುತ್ತಾ ಬಂದು ಐದರ ಹತ್ತಿರ ಮಡಚಿಕೊಂಡಿತು. ಏಳರ ಕಡೆಯಿಂದ ವಾಪಸು ತಂದರೂ ಐದಕ್ಕೇ ತಡೆ. ಹೊಸ ಪಟ್ಟಿ ಕತ್ತರಿಸಿ ಎರಡೂ ಪಕ್ಕದಿಂದ ಎಳೆದೆ, ಊದಿದೆ, ಮತ್ತೆ ಎಳೆದೆ. ಕಾಲು ಗಂಟೆಯ ಮೇಲೆ ಹಾಳೆಯ ಮೇಲೆ ಸೂಜಿ ಮೊನೆಗಿಂತ ಕೊಂಚ ದೊಡ್ಡದಾದ, ಬೆಳಕಿಗೆ ಹೊಳೆಯುವ ಒಂದು ಕಣ ಕಾಣಿಸಿತು. ಬ್ಯಾಟರಿ ಹಾಕಿ, ಲೆನ್ಸ್ ಕೆಳಮುಖವಾಗಿಯೇ ಹಿಡಿದು ಆನ್ ಮಾಡಿದೆ. ಹಾಗೆ ಹಿಡಿದರೆ ಹೊರಬರುವ ಕೊಳವೆಗೆ ತನ್ನದೇ ತೂಕದ ಸಹಾಯ ಸಿಗುತ್ತದೆ, ಉಳಿದ ಪುಡಿಯೂ ಒಳಗಲ್ಲ, ಹೊರಗೆ ಬೀಳುತ್ತದೆ. ಮೊದಲ ಸಲ ಕೆರೆಯುತ್ತಾ ಅರ್ಧದಾಚೆ ಹೋಗಿ ನಿಂತಿತು. ಮತ್ತೆ ಊದಿ ಆನ್ ಮಾಡಿದಾಗ ಪೂರ್ತಿ ಬಂತು. ಪೂರ್ತಿ ಹೊರಗಿರುವಾಗಲೇ ಬ್ಯಾಟರಿ ತೆಗೆದು ಕೊಳವೆಯ ಮೈಯನ್ನು ಒಣ ಬ್ರಷ್‌ನಿಂದ ಗುಡಿಸಿದೆ. ಇಲ್ಲದಿದ್ದರೆ ಮೈಗೆ ಅಂಟಿದ್ದ ಉಳಿದ ಪುಡಿ ಲೆನ್ಸ್ ಒಳಗೆ ಹೋಗುವಾಗ ಮತ್ತೆ ಸಂದಿ ಸೇರುತ್ತಿತ್ತು. ಇದೊಂದನ್ನು ಮರೆತು, ಸರಿಹೋದ ಖುಷಿಯಲ್ಲಿ ತಕ್ಷಣ ಆಫ್ ಮಾಡಿ, ಮತ್ತೆ ಸಿಕ್ಕಿಸಿಕೊಂಡವರು ಬಹಳ.

ಆ ಕ್ಯಾಮೆರಾ ಈಗಲೂ ನಡೆಯುತ್ತಿದೆ. ಆದರೆ ಜೂಮ್ ತುದಿಗೆ ಹೋದಾಗ ಸಣ್ಣ ಕೆರೆತ ಉಳಿದುಕೊಂಡಿದೆ. ಅಷ್ಟು ಸಲ ಅರೆದ ಗೀರು ಅದು, ಹೋಗುವುದಿಲ್ಲ.

ಹಂತ 6: ವಾಲಿದ ಕೊಳವೆ

ಇದು ಕೊನೆಯ ಪ್ರಯತ್ನ, ಕೈಮೀರಿದರೆ ಹೋಯಿತು ಅಂತ ಮನಸ್ಸು ಗಟ್ಟಿ ಮಾಡಿಕೊಂಡವರಿಗೆ ಮಾತ್ರ. ವಾರಂಟಿ ಇದ್ದರೆ, ಕ್ಯಾಮೆರಾ ಬೆಲೆಬಾಳುವುದಾದರೆ ಈ ಹಂತ ಬಿಟ್ಟುಬಿಡಿ.

ಪೆಟ್ಟು ಬಿದ್ದಾಗ ಸಾಮಾನ್ಯವಾಗಿ ಒಂದು ಗೂಟ ತೋಡಿನಿಂದ ಹೊರಗೆ ಹಾರಿರುತ್ತದೆ. ಆ ಕಡೆಯ ಕೊಳವೆ ಹೆಚ್ಚು ಹೊರಗೆ ಬಂದಂತೆ ಅಥವಾ ಒಳಗೆ ಕುಸಿದಂತೆ ಕಾಣುತ್ತದೆ. ಬ್ಯಾಟರಿ ತೆಗೆದು, ಕ್ಯಾಮೆರಾವನ್ನು ಮೆತ್ತನೆ ಬಟ್ಟೆಯ ಮೇಲೆ ಲೆನ್ಸ್ ಮೇಲ್ಮುಖವಾಗಿ ಇಡಿ. ಎತ್ತರವಾಗಿರುವ ಕಡೆಯ ಅಂಚನ್ನು ಹೆಬ್ಬೆರಳಿನಿಂದ ನೆಟ್ಟಗೆ ಕೆಳಮುಖವಾಗಿ ಒತ್ತಿ. ಗಾಜಿನ ಮೇಲಲ್ಲ, ಮುಚ್ಚಳದ ಎಲೆಗಳ ಮೇಲೂ ಅಲ್ಲ, ಕೊಳವೆಯ ಅಂಚಿನ ಮೇಲೆ. ಕಾಲಿಂಗ್ ಬೆಲ್ ಒತ್ತುವಷ್ಟು ಬಲದಿಂದ ಶುರುಮಾಡಿ, ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಗೂಟ ತೋಡಿಗೆ ಮರಳಿ ಕೂತರೆ ಸ್ಪಷ್ಟವಾಗಿ ‘ಕ್ಲಿಕ್’ ಅನ್ನುತ್ತದೆ, ಕೊಳವೆ ನೆಟ್ಟಗಾದದ್ದು ಕಣ್ಣಿಗೂ ಕಾಣುತ್ತದೆ. ಆ ಶಬ್ದ ಬಂದ ಮೇಲೆ ಇನ್ನೊಂದು ಸಲ ಒತ್ತಬೇಡಿ. ಬಾಗಿಲ ಬೀಗದ ಕೈ ತಿರುಗಿಸುವಷ್ಟು ಬಲ ಹಾಕಿದರೂ ಕೂರದಿದ್ದರೆ ಗೂಟ ಮುರಿದಿದೆ, ಇಲ್ಲವೇ ತೋಡಿನ ಅಂಚು ಸೀಳಿದೆ. ಇನ್ನೂ ಒತ್ತಿದರೆ ಉಳಿದ ಗೂಟಗಳೂ ಹೋಗುತ್ತವೆ.

ಕೊಳವೆಯನ್ನು ಹಿಡಿದು ತಿರುಚಿ ಹೊರಗೆ ಎಳೆಯುವ ಪ್ರಯತ್ನ ಮಾತ್ರ ಯಾವ ಕಾರಣಕ್ಕೂ ಬೇಡ. ಮೋಟಾರಿನ ಕಡೆಯಿಂದ ಗೇರುಗಳು ತಿರುಗುವುದು ಸುಲಭ, ಲೆನ್ಸಿನ ಕಡೆಯಿಂದ ತಿರುಗಿಸುವುದು ಕಷ್ಟ. ನಿಮ್ಮ ಕೈಯ ಬಲವೆಲ್ಲ ಆ ಸಣ್ಣ ಹಲ್ಲುಗಳ ಮೇಲೆ ಬೀಳುತ್ತದೆ.

ಹಂತ 7: ಎಲ್ಲಿ ನಿಲ್ಲಿಸಬೇಕು

ಒಳ್ಳೆಯ ಬ್ಯಾಟರಿ ಹಾಕಿಯೂ ಸದ್ದಿಲ್ಲ, ಮೋಟಾರು ಬರಿದೇ ತಿರುಗುತ್ತಿದೆ, ಅಥವಾ ಲೆನ್ಸ್ ಪೂರ್ತಿ ಬಂದ ಮೇಲೆ ಎರರ್ ಬರುತ್ತಿದೆ ಅಂದರೆ ಮನೆಯಲ್ಲಿ ಮಾಡುವುದು ಏನೂ ಉಳಿದಿಲ್ಲ. ಹಂತ 4 ಮತ್ತು 5ನ್ನು ಎರಡು ಸುತ್ತು ಮಾಡಿಯೂ ಲೆನ್ಸ್ ಅದೇ ಜಾಗದಲ್ಲಿ ನಿಂತರೂ ಅಷ್ಟೇ.

ಆಗ ಮನಸ್ಸಿಗೆ ಬರುವುದು ‘ನಾಲ್ಕು ಸ್ಕ್ರೂ ತಾನೇ, ಬಿಚ್ಚಿಯೇ ನೋಡೋಣ’ ಅಂತ. ಬೇಡ ಅನ್ನುವುದಕ್ಕೆ ಒಂದು ಗಟ್ಟಿ ಕಾರಣ ಇದೆ. ಫ್ಲ್ಯಾಶಿಗೆ ಬೇಕಾದ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಅನ್ನುವ ಭಾಗ ಒಳಗಿರುತ್ತದೆ, ಚಿಕ್ಕ ಸಿಲಿಂಡರ್ ಥರ ಕಾಣುತ್ತದೆ. ಅದರಲ್ಲಿ 300 ವೋಲ್ಟಿನ ಆಸುಪಾಸು ತುಂಬಿರುತ್ತದೆ, ಬ್ಯಾಟರಿ ತೆಗೆದ ಎಷ್ಟೋ ಹೊತ್ತಿನ ಮೇಲೂ ಉಳಿದಿರುತ್ತದೆ. ಕವಚ ತೆಗೆದ ಕೂಡಲೇ ಬೆರಳು ಸುಲಭವಾಗಿ ತಗಲುವ ಜಾಗದಲ್ಲೇ ಅದು ಇರುವುದು. ಹೊಡೆದರೆ ಸಣ್ಣ ಶಾಕ್ ಅಲ್ಲ.

ರಿಪೇರಿಗೆ ಕೊಡುವಾಗ ಇನ್ನೊಂದು ತಿಳಿದಿರಲಿ. ಕಾಂಪ್ಯಾಕ್ಟ್‌ಗಳಲ್ಲಿ ಕೊಳವೆ, ಮೋಟಾರು, ಗಾಜು ಎಲ್ಲ ಸೇರಿ ಒಂದೇ ಗಡ್ಡೆಯಾಗಿ ಬರುತ್ತವೆ, ಇದನ್ನು ಲೆನ್ಸ್ ಯೂನಿಟ್ ಅನ್ನುತ್ತಾರೆ. ಒಂದು ಗೇರು ಮುರಿದರೂ ಬಹುತೇಕ ಕಡೆ ಇಡೀ ಯೂನಿಟ್ಟನ್ನೇ ಬದಲಾಯಿಸುತ್ತಾರೆ. ಹಾಗಾಗಿ ಮೊದಲು ಅಂದಾಜು ಕೇಳಿ, ಅದೇ ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ಎಷ್ಟಕ್ಕೆ ಸಿಗುತ್ತದೆ ಅಂತ ನೋಡಿ, ಆಮೇಲೆ ಹೂಂ ಅನ್ನಿ. ಹಂತ 3ರಲ್ಲಿ ಮಾಡಿಕೊಂಡ ವಿಡಿಯೊ ಇದ್ದರೆ ಅವರಿಗೆ ತೋರಿಸಿ. ‘ಲೆನ್ಸ್ ಎರರ್ ಬರುತ್ತಿದೆ’ ಅನ್ನುವುದಕ್ಕಿಂತ ‘ಎರಡನೆಯ ಕೊಳವೆ ಹೊರಡುವಾಗ ಕೆರೆದು ನಿಲ್ಲುತ್ತಿದೆ’ ಅಂದರೆ ಅಂದಾಜೂ ಹೆಚ್ಚು ಕರಾರುವಾಕ್ಕಾಗಿರುತ್ತದೆ.

ಕ್ಯಾಮೆರಾ ಸರಿಹೋಗಿದ್ದರೆ ಅದನ್ನು ಹಳೆಯ ಪೌಚಿಗೆ ಹಾಗೆಯೇ ಹಾಕಬೇಡಿ. ಮೊದಲು ಪೌಚನ್ನು ಒಳಗಿನದು ಹೊರಗೆ ಬರುವಂತೆ ಮಗುಚಿ, ಬಿಳಿ ಹಾಳೆಯ ಮೇಲೆ ಕೊಡವಿ ನೋಡಿ. ಲೆನ್ಸಿಗೆ ಸಿಕ್ಕ ಹರಳಿನ ಅಣ್ಣತಮ್ಮಂದಿರು ಮೂಲೆಯ ಹೊಲಿಗೆಯಲ್ಲಿ ಕೂತಿರುತ್ತಾರೆ. ಪೌಚು ಬಿಗಿಯಾಗಿದ್ದರೆ ಅದನ್ನೇ ಬದಲಾಯಿಸಿ. ಒಳಗಿದ್ದಾಗ ಪವರ್ ಬಟನ್ ಅಪ್ಪಿತಪ್ಪಿ ಒತ್ತಿಹೋದರೆ ಲೆನ್ಸ್ ಬಟ್ಟೆಯನ್ನು ತಳ್ಳುತ್ತಾ ನಿಲ್ಲುತ್ತದೆ, ಮರಳಿನ ಒಂದು ಕಣವೂ ಇಲ್ಲದೆ ಅದೇ ಎರರ್ ಬರುತ್ತದೆ.